ಹಾಲಿನ ಹನಿ ಜಾರಿತು ಅಂತ ಅನುಮಾನ ಪಟ್ಟಿದ್ದೆ

ಮಂಡ್ಯದ ನಮ್ಮ ಮನೆಗೆ ಪಕ್ಕದ ಹಳ್ಳಿಯಿಂದ ವರ್ತನೆ ಹಾಲು ಬರುತ್ತದೆ. ಒಂದು ವಾರ ಯಾಕೋ ಕೆನೆ ತೆಳ್ಳಗೆ ಕಟ್ಟತೊಡಗಿತು. ಸ್ಟೀಲ್ ತಟ್ಟೆ ಓರೆ ಹಿಡಿದು ಒಂದು ಹನಿ ಬಿಟ್ಟು ನೋಡಿದೆ. ಶುದ್ಧ ಹಾಲಾದರೆ ನಿಧಾನವಾಗಿ ಇಳಿದು ಬಿಳಿ ಗೆರೆ ಬಿಡಬೇಕು, ನೀರು ಬೆರೆತಿದ್ದರೆ ಸರ್ರನೆ ಜಾರಬೇಕು ಅಂತಾರೆ. ನನ್ನ ಹನಿ ಸರ್ರನೆ ಜಾರಿತು. ಹಾಲಿನವರನ್ನು ಕೇಳೇಬಿಡೋಣ ಅಂದುಕೊಂಡೆ. ಆದರೆ ಕೇಳುವ ಮೊದಲು ಈ ಪರೀಕ್ಷೆಯನ್ನೇ ಒಮ್ಮೆ ಪರೀಕ್ಷೆ ಮಾಡಬೇಕು ಅನ್ನಿಸಿತು.

ನಾಲ್ಕು ಲೋಟದಲ್ಲಿ ಅದೇ ಹಾಲು ತೆಗೆದುಕೊಂಡೆ. ಒಂದನ್ನು ಹಾಗೇ ಬಿಟ್ಟು, ಉಳಿದವಕ್ಕೆ ನೂರು ಭಾಗ ಹಾಲಿಗೆ ಹತ್ತು, ಇಪ್ಪತ್ತು, ನಲವತ್ತು ಭಾಗದ ಲೆಕ್ಕದಲ್ಲಿ ನೀರು ಸೇರಿಸಿದೆ. ಯಾವುದು ಯಾವುದೆಂದು ಮಗಳಿಗೆ ಮಾತ್ರ ಗೊತ್ತು. ನಲವತ್ತು ಭಾಗ ನೀರಿದ್ದದ್ದನ್ನು ಗುರುತಿಸಿದೆ. ಹತ್ತು, ಇಪ್ಪತ್ತರದು ಗೊತ್ತೇ ಆಗಲಿಲ್ಲ. ಫ್ರಿಜ್ಜಿನಿಂದ ತೆಗೆದ ಹಾಲು ನೀರು ಬೆರೆಸಿದ್ದರೂ ನಿಧಾನವಾಗಿ ಇಳಿಯಿತು, ಯಾಕೆಂದರೆ ತಣ್ಣಗಿರುವ ಹಾಲು ಮಂದವಾಗಿರುತ್ತದೆ. ಪ್ಯಾಕೆಟ್ಟಿನ ಟೋನ್ಡ್ ಹಾಲು ಬೇಗ ಜಾರಿತು, ಅದರಲ್ಲಿ ಕೊಬ್ಬು ಕಮ್ಮಿ. ಅಂದರೆ ಈ ಪರೀಕ್ಷೆ ತೋರಿಸುವುದು ಹಾಲಿನ ಮಂದವನ್ನು. ನೀರು ಹಾಕಿದ್ದಾರೋ ಇಲ್ಲವೋ ಅನ್ನುವುದನ್ನಲ್ಲ.

ನೀರು ಪತ್ತೆ ಮಾಡಲು ಸ್ವಲ್ಪವಾದರೂ ಆಸರೆಯಾಗುವುದು ಹಾಲಿನಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್. ಹಳ್ಳಿ ಡೇರಿಯಲ್ಲಿ 'ಡಿಗ್ರಿ ಬಂದಿಲ್ಲ' ಅನ್ನುತ್ತಾರಲ್ಲ, ಅದೇ. ಹಸುವಿನ ಹಾಲು ಸಾಮಾನ್ಯವಾಗಿ 26ರಿಂದ 32ರ ಒಳಗೆ ಇರುತ್ತದೆ. ತೊಡಕು ಇರುವುದು ಇಲ್ಲೇ. 32 ಬರುವ ಹಾಲಿಗೆ ಹತ್ತರಲ್ಲೊಂದು ಪಾಲು ನೀರು ಬೆರೆತರೂ ಸುಮಾರು 29 ತೋರಿಸುತ್ತದೆ, ಚೆನ್ನಾಗಿದೆ ಅಂತಲೇ ಕಾಣುತ್ತದೆ. ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡೂ ಮಾಡಿದರೆ ಸರಿಹೋಗಿಬಿಡುತ್ತದೆ! ಸಕ್ಕರೆ, ಉಪ್ಪು ಹಾಕಿಯೂ ಏರಿಸಬಹುದು.

ಹಾಗಾಗಿ ನನಗೆ ಬೇಕಾಗಿದ್ದದ್ದು ಅದೇ ಹಸುವಿನ, ನೀರು ತಾಗದ ಹಾಲಿನ ಡಿಗ್ರಿ. ಒಂದು ಸಂಜೆ ಹಾಲಿನವರ ಕೊಟ್ಟಿಗೆಗೇ ಹೋದೆ. "ಬನ್ನಿ ಅಕ್ಕಾ, ಕರೆಯೋದು ನೀವೇ ನೋಡ್ಕಳಿ" ಅಂದರು. ಕರೆದ ಕೂಡಲೇ ಅಳೆಯಲಿಲ್ಲ. ಬಿಸಿ ಹಾಲಿನಲ್ಲಿ, ನೊರೆ ಇರುವಾಗ ಡಿಗ್ರಿ ಕಮ್ಮಿ ತೋರಿಸುತ್ತದೆ. ಮನೆಗೆ ತಂದು, ಒಂದು ಗಂಟೆ ಬಿಟ್ಟು, ಉಪಕರಣದ ಮೇಲೆ ಬರೆದಿದ್ದ 27 ಡಿಗ್ರಿ ಸೆಲ್ಸಿಯಸ್ಸಿಗೆ ಬಂದ ಮೇಲೆ, ಚೆನ್ನಾಗಿ ಕಲಕಿ ನೋಡಿದೆ. 27 ಬಂತು. ಮರುದಿನ ಮನೆಗೆ ಬಂದ ಹಾಲೂ 27. ಅದಕ್ಕೇ ನಾಲ್ಕು ಲೋಟ ಹಾಲಿಗೆ ಒಂದು ಲೋಟದ ಲೆಕ್ಕದಲ್ಲಿ ನೀರು ಬೆರೆಸಿದಾಗ 22ರ ಹತ್ತಿರ ಇಳಿಯಿತು. ಅಲ್ಲಿಗೆ ಅವರು ನೀರು ಹಾಕಿರಲಿಕ್ಕಿಲ್ಲ ಅನ್ನಿಸಿತು. ಅವರದು ಎಚ್‌ಎಫ್ ತಳಿಯ ಹಸು. ಹೊಸದಾಗಿ ಕರು ಹಾಕಿದ್ದರಿಂದ ಹಾಲು ಜಾಸ್ತಿ, ಕೊಬ್ಬು ಕಮ್ಮಿ. ಕೆನೆ ತೆಳ್ಳಗಾಗಿದ್ದು ಅದಕ್ಕೇ ಇರಬೇಕು.

ಹಾಲಿಗೆ ಹಿಟ್ಟು ಬೆರೆಸಿದ್ದಾರೋ ಅಂತ ನೋಡುವ ಪರೀಕ್ಷೆಯ ಮೇಲೆ ನನಗೆ ನಂಬಿಕೆ ಜಾಸ್ತಿ. ಎರಡು ಮೂರು ಚಮಚ ಹಾಲು ಕುದಿಸಿ, ಪೂರ್ತಿ ಆರಿಸಿ, ಟಿಂಚರ್ ಅಯೋಡಿನ್ ಎರಡು ಮೂರು ಹನಿ ಹಾಕಬೇಕು. ಕುದಿಸಿದರೆ ಹಿಟ್ಟು ಬಿಚ್ಚಿಕೊಂಡು ಅಯೋಡಿನ್ ಹಿಡಿಯುತ್ತದೆ. ಬಿಸಿ ಇದ್ದಾಗ ಹಾಕಿದರೆ ಬಣ್ಣವೇ ನಿಲ್ಲುವುದಿಲ್ಲ. ಇದರಲ್ಲೇ ನಾನು ಮೊದಲ ಸಲ ಎಡವಿದ್ದು. ಒಂದು ಲೋಟಕ್ಕೆ ಕಾಲು ಚಮಚ ಮೈದಾ ಬೆರೆಸಿದ ಹಾಲು ನೀಲಿಗೆ ತಿರುಗಿತು, ಬೆರೆಸದ್ದು ಹಳದಿ ಕಂದಾಗಿ ಉಳಿಯಿತು. ಅನ್ನ ಬೇಯಿಸಿದ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ, ಅಂಟಿದ ಗಂಜಿಯೇ ನೀಲಿ ಬರಿಸುತ್ತದೆ. ಅಯೋಡಿನ್ ಹಾಕಿದ ಹಾಲನ್ನು ಚೆಲ್ಲಬೇಕು.

ಸೋಪಿನ ಪರೀಕ್ಷೆ ಅಷ್ಟು ಗಟ್ಟಿಯಲ್ಲ. ಹಾಲಿಗೆ ಅಷ್ಟೇ ನೀರು ಬೆರೆಸಿ ಬಾಟಲಿಯಲ್ಲಿ ಕುಲುಕಿದಾಗ ದಪ್ಪ ನೊರೆ ನಿಂತರೆ ಡಿಟರ್ಜೆಂಟ್ ಇದೆ ಅಂತಾರೆ. ಆದರೆ ಹಾಲಿನ ಪ್ರೋಟೀನಿನಿಂದ ಒಳ್ಳೆ ಹಾಲಿನಲ್ಲೂ ತೆಳು ನೊರೆ ಬರುತ್ತದೆ. ಒಮ್ಮೆ ನನ್ನ ಬಾಟಲಿಯಲ್ಲಿ ನೊರೆ ಗಂಟೆಗಟ್ಟಲೆ ನಿಂತಿತು. ಬೇರೆ ಬಾಟಲಿ ತೊಳೆದು, ಬಿಸಿನೀರಿನಲ್ಲಿ ಮೂರು ಸಲ ಜಾಲಾಡಿಸಿ ಮತ್ತೆ ಮಾಡಿದೆ, ಏನೂ ಇಲ್ಲ. ಪಾತ್ರೆ ತೊಳೆದ ಸೋಪು ಉಳಿದಿದ್ದು. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ದೇಶದಾದ್ಯಂತ 6,432 ಮಾದರಿ ಪರೀಕ್ಷಿಸಿದಾಗ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ, ಅದರಲ್ಲಿ ಡಿಟರ್ಜೆಂಟ್ ಇದ್ದದ್ದು 3ರಲ್ಲಿ. ಒಂದು ಬಾಟಲಿಯ ನೊರೆ ನೋಡಿ ಯಾರ ಮೇಲೂ ಆರೋಪ ಹೊರಿಸಲು ನಾನು ಒಪ್ಪುವುದಿಲ್ಲ. ನಿಜವಾದ ಅನುಮಾನ ಇದ್ದರೆ ಲ್ಯಾಬಿಗೇ ಕೊಡಬೇಕು. ಯೂರಿಯಾ, ಹೈಡ್ರೋಜನ್ ಪೆರಾಕ್ಸೈಡ್‌ನಂಥವು ಈ ಪರೀಕ್ಷೆಗಳಲ್ಲಿ ಯಾವುದಕ್ಕೂ ಸಿಗುವುದಿಲ್ಲ.

ಈಗ ತಿಂಗಳಿಗೊಮ್ಮೆ ಮನೆಗೆ ಬಂದ ಹಾಲಿನ ಡಿಗ್ರಿ ನೋಡಿ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಹೋದ ತಿಂಗಳು 27.5 ಇತ್ತು, ಕೆನೆಯೂ ದಪ್ಪಗಾಗಿದೆ.