ಚುಕ್ಕಿ ಅಳಿಸಿ ಕೋಟೆ ಉಳಿಸುವ ಲೆನ್ಸ್

ಚಿತ್ರದುರ್ಗದ ಕೋಟೆಯ ಫೋಟೊ ಒಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಓಎಚ್‌ಪಿ ಹಾಳೆಯ ಮೇಲೆ ಎರಡು ಸೆಂ.ಮೀ. ಅಗಲಕ್ಕೆ ಮುದ್ರಿಸಿಕೊಳ್ಳಿ. ಭೂತಗನ್ನಡಿ ಹಿಡಿದರೆ ಬುರುಜಿನ ಬೂದು ಬಣ್ಣವೆಲ್ಲ ಸಾಲುಗಟ್ಟಿದ ಕಪ್ಪು ಚುಕ್ಕಿಗಳೆಂದು ಗೊತ್ತಾಗುತ್ತದೆ. ಈ ಚುಕ್ಕಿಗಳನ್ನು ಕಂಪ್ಯೂಟರಿನ ಹಂಗಿಲ್ಲದೆ ತೆಗೆಯಬಹುದು. ಬೇಕಾದ ಸಾಮಾನು ಪದವಿ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಿಗುತ್ತದೆ.

ಮೊದಲು ಹೀಲಿಯಂ-ನಿಯಾನ್ ಲೇಸರಿನ ಕಿರಣವನ್ನು ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್‌ನಿಂದ ಹರಡಿಸಿ, ಮತ್ತೊಂದು ಲೆನ್ಸಿನಿಂದ ಸಮಾಂತರಗೊಳಿಸಿ. ಬೆಳಕಿನ ವೃತ್ತ ಹತ್ತಿರದಲ್ಲೂ ದೂರದ ಗೋಡೆಯ ಮೇಲೂ ಒಂದೇ ಅಳತೆಯಲ್ಲಿದ್ದರೆ ಸಮಾಂತರವಾಗಿದೆ ಎಂದರ್ಥ. ಕಿರಣಕ್ಕೆ ಕಣ್ಣೊಡ್ಡಬೇಡಿ, ಏನಿದ್ದರೂ ಬಿಳಿ ಹಾಳೆಯ ಮೇಲೆ ನೋಡಿ. ಈ ಬೆಳಕಿಗೆ ಚಿತ್ರವನ್ನು ಅಡ್ಡ ಹಿಡಿದು, ಅಲ್ಲಿಂದ 75 ಸೆಂ.ಮೀ. ದೂರದಲ್ಲಿ 50 ಸೆಂ.ಮೀ. ಸಂಗಮದೂರದ ಲೆನ್ಸ್ ಇಡಿ. ಲೆನ್ಸಿನಾಚೆ 150 ಸೆಂ.ಮೀ. ದೂರದ ಪರದೆಯ ಮೇಲೆ ಕೋಟೆ ತಲೆಕೆಳಗಾಗಿ, ಇಮ್ಮಡಿ ದೊಡ್ಡದಾಗಿ, ಚುಕ್ಕಿಗಳ ಸಮೇತ ಮೂಡುತ್ತದೆ.

ಆಟ ಇರುವುದು ನಡುವೆ, ಲೆನ್ಸಿನಿಂದ 50 ಸೆಂ.ಮೀ. ದೂರದ ಸಂಗಮತಲದಲ್ಲಿ. ಅಲ್ಲಿ ಹಾಳೆ ಹಿಡಿದರೆ ಕೋಟೆ ಕಾಣುವುದಿಲ್ಲ. ನಡುವೆ ಪ್ರಖರವಾದ ಒಂದು ಬಿಂದು, ಅದರ ಸುತ್ತ ಚೌಕಟ್ಟಾಗಿ ಹರಡಿದ ಮಂದ ಬಿಂದುಗಳು. ಚಿತ್ರದಲ್ಲಿ ಬೆಳಕು–ಕತ್ತಲೆ ಮಿಲಿಮೀಟರಿಗೆ ಎಷ್ಟು ಸಲ ಮರುಕಳಿಸುತ್ತದೆಯೋ ಅದೇ ಅದರ ಸ್ಪೇಷಿಯಲ್ ಫ್ರೀಕ್ವೆನ್ಸಿ. ಅದು ಹೆಚ್ಚಿದಷ್ಟೂ ಬೆಳಕು ಹೆಚ್ಚು ಓರೆಯಾಗಿ ಬಾಗುತ್ತದೆ. ಒಂದೇ ಓರೆಯಲ್ಲಿ ಬಂದ ಬೆಳಕನ್ನೆಲ್ಲ ಲೆನ್ಸ್ ಒಂದೇ ಬಿಂದುವಿಗೆ ತಂದು ಸೇರಿಸುತ್ತದೆ. ಹಾಗಾಗಿ ಆಕಾಶ, ಬಂಡೆಗಳಂಥ ನಿಧಾನದ ಛಾಯೆಗಳು ನಡುವಿನ ಬಿಂದುವಿನ ಆಸುಪಾಸಿನಲ್ಲಿ ಉಳಿದರೆ, ಚುಕ್ಕಿಗಳ ಬೆಳಕು ದೂರ ಸರಿದು ನಿಲ್ಲುತ್ತದೆ. ಲೆನ್ಸನ್ನು ಹೀಗೆ ನೋಡಲು ದಾರಿ ತೋರಿದವರು ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಆಬೆ, 1873ರಲ್ಲಿ.

ಎಷ್ಟು ದೂರ ಎಂಬುದಕ್ಕೆ ಲೆಕ್ಕ ಸುಲಭ: ಬೆಳಕಿನ ತರಂಗದೂರವನ್ನು ಸಂಗಮದೂರದಿಂದ ಗುಣಿಸಿ, ಚುಕ್ಕಿಗಳ ಅಂತರದಿಂದ ಭಾಗಿಸಿ. ಅಂತರ 0.25 ಮಿ.ಮೀ. ಎಂದುಕೊಳ್ಳೋಣ. ಎಲ್ಲವನ್ನೂ ಮಿ.ಮೀ.ಗೆ ತಂದರೆ 0.000633 × 500 ÷ 0.25, ಅಂದರೆ ಸುಮಾರು 1.3 ಮಿ.ಮೀ. ತೆಳು ತಗಡಿನಲ್ಲಿ ಅಷ್ಟೇ ವ್ಯಾಸದ ತೂತು ಕೊರೆದು, ನಡುವಿನ ಬಿಂದು ತೂತಿನ ಮಧ್ಯಕ್ಕೆ ಬರುವಂತೆ ನಿಲ್ಲಿಸಿ. ಅಕ್ಕಪಕ್ಕದ ಬಿಂದುಗಳು ತಗಡಿಗೆ ಬಡಿದು ಅಲ್ಲೇ ನಿಲ್ಲುತ್ತವೆ. ಪರದೆಯ ಮೇಲೆ ಚುಕ್ಕಿಗಳು ಕರಗಿ ನಿಜವಾದ ಬೂದು ಛಾಯೆ ಬರುತ್ತದೆ.

ಚುಕ್ಕಿಗಳ ಗೆರೆ ಇನ್ನೂ ಒಂದೇ ದಿಕ್ಕಿನಲ್ಲಿ ಉಳಿದಿದ್ದರೆ ತೂತು ಪಕ್ಕಕ್ಕೆ ಸರಿದು ಒಂದು ಬಿಂದುವನ್ನು ಒಳಬಿಟ್ಟಿದೆ. ಕೋಟೆಗೋಡೆಯ ತೆನೆಗಳ ಅಂಚೂ ಮಸುಕಾಗಿದ್ದರೆ ತೂತು ತೀರ ಸಣ್ಣದು. ಸರಿಯಾದ ತೂತಿನಲ್ಲೂ ಅರ್ಧ ಮಿ.ಮೀ.ಗಿಂತ ನವಿರಾದ ವಿವರ ಉಳಿಯದು. ಅದಕ್ಕೆ ಕೊರಗಬೇಕಿಲ್ಲ, ಆ ವಿವರವನ್ನು ಚುಕ್ಕಿಗಳು ಮೊದಲೇ ನುಂಗಿದ್ದವು.

ಹಳೆಯ ಫಿಲ್ಮಿನಲ್ಲಿ ಅಡ್ಡಾದಿಡ್ಡಿ ಹರಡಿದ ಕಾಳಿಗೆ, ಅಂದರೆ ಗ್ರೇನಿಗೆ, ಮಾತ್ರ ಈ ಉಪಾಯ ಅರೆಬರೆ. ಅದರ ಬೆಳಕು ಬಿಂದುಗಳಾಗಿ ಕೂಡದೆ ಇಡೀ ಸಂಗಮತಲದಲ್ಲಿ ಚೆಲ್ಲಿರುತ್ತದೆ. ತೂತನ್ನು ಕಿರಿದು ಮಾಡಿದಷ್ಟೂ ಕಾಳಿನೊಂದಿಗೆ ಕೋಟೆಯ ಕಲ್ಲಿನ ಸಂದುಗಳೂ ಅಳಿಸಿಹೋಗುತ್ತವೆ.