ಸರದ ಕೊಂಡಿಗೆ ಸುತ್ತಿದ ಕೆಂಪು ದಾರ

ನನ್ನ ಒಂದು ಸಣ್ಣಕಥೆಯ ಕೊನೆಯನ್ನು ಮೂರು ಸಲ ಬರೆದೆ. ಕಥೆ ಇಷ್ಟೇ: ಬಟ್ಟೆ ಹೊಲಿದು ಬದುಕುವ ಅಕ್ಕನ ಸರವನ್ನು ತಮ್ಮ ಅಡವಿಡಲು ಒಯ್ಯುತ್ತಾನೆ. ಬಿಡಿಸಿ ಕೊಡುವುದನ್ನು ಮುಂದೂಡುತ್ತಲೇ ಇರುತ್ತಾನೆ. ಕೊನೆಗೊಂದು ಸಂಜೆ ಮನೆಗೆ ಬರುತ್ತಾನೆ.

ಮೊದಲ ಸಲ ಅವನು ಸರ ಕೊಟ್ಟ, ಅಕ್ಕನ ಕಣ್ಣು ತುಂಬಿತು, ‘ಸಂಬಂಧ ಉಳಿಯಿತು’ ಎಂದು ಮುಗಿಸಿದೆ. ಓದಿದ ಗೆಳತಿ ‘ಚೆನ್ನಾಗಿದೆ’ ಎಂದು ಹಾಳೆ ಮಡಚಿಟ್ಟಳು. ಓದುಗರಿಗೆ ಯೋಚಿಸಲು ನಾನು ಏನನ್ನೂ ಉಳಿಸಿರಲಿಲ್ಲ.

ಎರಡನೇ ಸಲ ಬಾಗಿಲು ಬಡಿದ ಸದ್ದಿಗೇ ನಿಲ್ಲಿಸಿ ಮೂರು ಚುಕ್ಕಿ ಇಟ್ಟೆ. ಈ ಸಲ ಗೆಳತಿ ಕೇಳಿದ್ದು ‘ಸರ ತಂದನಾ ಇಲ್ಲವಾ?’ ಎಂದು. ತಪ್ಪು ಆಗ ಹೊಳೆಯಿತು. ನನಗೆ ಗೊತ್ತಿದ್ದ ಸಂಗತಿಯನ್ನು ಬಚ್ಚಿಟ್ಟು ಅದನ್ನೇ ಮುಕ್ತ ಅಂತ್ಯ ಅಂದುಕೊಂಡಿದ್ದೆ. ಕಥೆಯುದ್ದಕ್ಕೂ ‘ಸರ ಬರುತ್ತದೋ’ ಎಂದು ಕಾಯಿಸಿದವನು ಅದಕ್ಕೆ ಉತ್ತರ ಕೊಡಲೇಬೇಕು. ತೆರೆದಿಡಬೇಕಾದದ್ದು ಅದರ ಹಿಂದಿರುವ ಪ್ರಶ್ನೆ: ಅಕ್ಕ ತಮ್ಮನನ್ನು ಇನ್ನು ನಂಬುತ್ತಾಳಾ?

ಅದಕ್ಕೆ ಕೊನೆಯನ್ನಷ್ಟೇ ತಿದ್ದಿದರೆ ಸಾಲದು. ಎರಡನೇ ಪುಟಕ್ಕೆ ಹಿಂದಿರುಗಿ, ಸಡಿಲವಾದ ಕೊಂಡಿಗೆ ಅಕ್ಕ ಸುತ್ತಿದ್ದ ಕೆಂಪು ದಾರವನ್ನು ಸೇರಿಸಿದೆ. ಬೆವರು, ಎಣ್ಣೆ ಹತ್ತಿ ಅದು ಕಪ್ಪಾಗಿದೆ. ತಮ್ಮ ಮರಳಿಸಿದ ಸರದಲ್ಲಿ ದಾರವಿದೆ, ಆದರೆ ಹೊಚ್ಚ ಹೊಸದು. ಅಡವಿಡುವಾಗ ತೂಕಕ್ಕೆಂದು ಹಳೆಯದನ್ನು ಬಿಚ್ಚಿರಬಹುದು, ಆಮೇಲೆ ಅವನೇ ನೆನಪಿಟ್ಟು ಸುತ್ತಿರಬಹುದು. ಅಥವಾ ಸರವೇ ಬೇರೆ. ಎರಡಕ್ಕೂ ಕಥೆಯಲ್ಲಿ ಸಮನಾದ ಆಧಾರ ಇರುವಂತೆ ನೋಡಿಕೊಂಡೆ. ಒಂದು ಕಡೆ ತೂಕ ಹೆಚ್ಚಾದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಬರೀ ಸುಳಿವಾಗುತ್ತದೆ.

ಕೊನೆಯ ಸಾಲು ಹೀಗಾಯಿತು: ‘ಸರವನ್ನು ಕೊರಳಿಗೆ ಹಾಕಿಕೊಳ್ಳದೆ ಅಕ್ಕಿ ಡಬ್ಬದೊಳಗಿಟ್ಟು, ತಮ್ಮನಿಗೆ ತಟ್ಟೆ ಹಾಕಿದಳು.’

ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘ಹಾಕಿದಳು’ ಎಂದಾಗ ಚಿಲಕ ಬಿದ್ದ ಹಾಗೆ ಕಿವಿಗೆ ಕಥೆ ಮುಗಿದದ್ದು ಗೊತ್ತಾಗುತ್ತದೆ. ಮೊದಲು ‘ತಟ್ಟೆ ಹಾಕುತ್ತಾ ನಿಂತಳು, ಏನೋ ಯೋಚಿಸುತ್ತಿದ್ದಳೇನೋ’ ಎಂದು ಬರೆದಿದ್ದೆ. ಆ ‘ಏನೋ’ಗಳು ಪ್ರಶ್ನೆಯನ್ನು ನಾನೇ ಕೂಗಿ ಹೇಳಿದಂತಿದ್ದವು. ಕೆಲಸ ಖಚಿತವಾಗಿರಲಿ, ಅದರ ಕಾರಣ ಮಾತ್ರ ಹೇಳದೆ ಉಳಿಯಲಿ ಎಂದು ತೆಗೆದುಹಾಕಿದೆ.

ಪತ್ತೇದಾರಿ ಕಥೆಗೆ ಇದು ಒಗ್ಗದು. ಅಲ್ಲಿ ಕೊಂದವರು ಯಾರೆಂದು ಹೇಳಲೇಬೇಕು.

ಹೊಸ ಪ್ರತಿಯನ್ನು ಗೆಳತಿಗೂ ಅವಳ ಅಮ್ಮನಿಗೂ ಕೊಟ್ಟೆ. ಸರ ಬಂತೇ ಎಂದು ಇಬ್ಬರೂ ಕೇಳಲಿಲ್ಲ. ‘ಅನುಮಾನ ಬಂದೇ ಡಬ್ಬದಲ್ಲಿಟ್ಟಳು’ ಎಂದಳು ಮಗಳು. ‘ಅಲ್ಲ ಕಣೇ, ಮತ್ತೆ ಕೇಳಿದರೆ ಕೊಡೋಕೆ ಕೈಗೆ ಸಿಗೋ ಹಾಗೆ ಇಟ್ಟಳು’ ಎಂದರು ಅಮ್ಮ. ಈ ಕಾರಣ ನನಗೆ ಹೊಳೆದೇ ಇರಲಿಲ್ಲ.