ಗೇಟಿನಿಂದ ಗೇಟಿನವರೆಗೆ: ಪ್ಲೇಸ್ಕೂಲಿನ ವಿಡಿಯೊಗೆ ಸ್ಕ್ರಿಪ್ಟ್ ಬರೆಯುವುದು ಹೀಗೆ

ಅಡ್ಮಿಷನ್ ಸಮಯದಲ್ಲಿ ಪ್ಲೇಸ್ಕೂಲಿಗೆ ಫೋನ್ ಮಾಡುವ ಅಪ್ಪ-ಅಮ್ಮ ಗೋಡೆಯ ಬಣ್ಣದ ಬಗ್ಗೆ ಕೇಳುವುದಿಲ್ಲ. ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ, ಟಾಯ್ಲೆಟ್‌ಗೆ ಯಾರು ಕರೆದೊಯ್ಯುತ್ತಾರೆ, ನಾವು ಬರುವುದು ತಡವಾದರೆ ಮಗು ಎಲ್ಲಿರುತ್ತದೆ ಎಂದು ಕೇಳುತ್ತಾರೆ. ಆದರೆ ಹೆಚ್ಚಿನ ಶಾಲೆಗಳ ವಿಡಿಯೊದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಸಂಗೀತ, ಬಲೂನು, ವಾರ್ಷಿಕೋತ್ಸವದ ನೃತ್ಯ, ಅಷ್ಟೇ.

ಹಾಗಾಗಿ ಮೊದಲು ಕ್ಯಾಮೆರಾ ಬದಿಗಿಟ್ಟು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ ಫೋನಿನಲ್ಲಿ, ಗೇಟಿನ ಬಳಿ ಪೋಷಕರು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಫೋನ್ ಎತ್ತುವ ಆಫೀಸಿನವರನ್ನೂ ಆಯಾ ಅವರನ್ನೂ ಕೇಳಿ. ಮಿಸ್ ಹತ್ತಿರ ಕೇಳಲು ಹಿಂಜರಿಯುವುದನ್ನು ಅಮ್ಮಂದಿರು ಆಯಾ ಹತ್ತಿರ ಕೇಳಿರುತ್ತಾರೆ. ಹೆಚ್ಚು ಸಲ ಬಂದ ಐದಾರು ಪ್ರಶ್ನೆಗಳೇ ನಿಮ್ಮ ಸ್ಕ್ರಿಪ್ಟ್. ಮೂರು ನಿಮಿಷದ ವಿಡಿಯೊಗೆ ಅದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.

ಇನ್ನು ಜೋಡಿಸುವ ಕ್ರಮ. ‘ನಮ್ಮ ತರಗತಿಗಳು’, ‘ನಮ್ಮ ಸುರಕ್ಷತೆ’, ‘ನಮ್ಮ ದಿನಚರಿ’ ಎಂದು ಮೂರು ಭಾಗ ಮಾಡಬೇಡಿ. ಒಂದು ಮಗುವಿನ ಒಂದು ಬೆಳಿಗ್ಗೆಯನ್ನು ಹಿಂಬಾಲಿಸಿ. ಒಂಬತ್ತೂಕಾಲಿಗೆ ಗೇಟು, ಆಮೇಲೆ ತರಗತಿ, ತಿಂಡಿ ಡಬ್ಬಿ, ಟಾಯ್ಲೆಟ್, ಆಟ, ಹನ್ನೆರಡೂವರೆಗೆ ಮತ್ತೆ ಗೇಟು. ಪೋಷಕರ ಆತಂಕವೂ ಇದೇ ದಾರಿಯಲ್ಲಿ ಬರುತ್ತದೆ ಅಲ್ವಾ? ಒಂದೊಂದು ಜಾಗಕ್ಕೆ ಬಂದಾಗಲೂ ಅಲ್ಲಿನ ಪ್ರಶ್ನೆಗೆ ಉತ್ತರ ಕೊಟ್ಟರೆ ಸುರಕ್ಷತೆಗೆ ಬೇರೆ ಭಾಷಣ ಬೇಕಿಲ್ಲ.

ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ‘ಕಾಣುವುದು’, ಬಲಕ್ಕೆ ‘ಕೇಳುವುದು’. ನಿಧಾನವಾಗಿ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 90ರಿಂದ 100 ಪದ ಹಿಡಿಸುತ್ತದೆ. ಮೂರು ನಿಮಿಷಕ್ಕೆ 200 ಪದ ಬರೆದರೆ ಸಾಕು. ಉಳಿದ ಜಾಗದಲ್ಲಿ ಮಕ್ಕಳ ಸದ್ದು, ಬಾಗಿಲ ಸದ್ದು ಕೇಳಲಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ.

ಬಲಗಡೆ ಬರೆಯುವಾಗ ಒಂದು ನಿಯಮ ಪಾಲಿಸಿ: ಗುಣ ಹೇಳಬೇಡಿ, ಕೆಲಸ ಹೇಳಿ. ‘ನಿಮ್ಮ ಮಗು ನಮ್ಮಲ್ಲಿ ಸಂಪೂರ್ಣ ಸುರಕ್ಷಿತ’ ಎಂಬ ಸಾಲಿನಿಂದ ಯಾರಿಗೂ ಧೈರ್ಯ ಬರುವುದಿಲ್ಲ. ಮಗುವನ್ನು ಮನೆಗೆ ಕಳಿಸುವ ದೃಶ್ಯವನ್ನೇ ನೋಡಿ. ನನ್ನ ಪ್ರಕಾರ ಇಡೀ ವಿಡಿಯೊದಲ್ಲಿ ಮುಖ್ಯವಾದದ್ದು ಇದೇ. ಇದಕ್ಕೆ ಕನಿಷ್ಠ 40 ಸೆಕೆಂಡ್ ಕೊಡಿ.

ಕಾಣುವುದು: ಗೇಟಿನ ಹೊರಗೆ ಒಬ್ಬರು ನಿಂತಿದ್ದಾರೆ. ಮಗುವನ್ನು ಕರೆದೊಯ್ಯುವ ಕಾರ್ಡ್ ಕೈಯಲ್ಲಿ ಇಲ್ಲ. ಮಿಸ್ ರಿಜಿಸ್ಟರ್ ತೆರೆಯುತ್ತಾರೆ, ಫೋನ್ ಮಾಡುತ್ತಾರೆ. ಮಗು ಒಳಗೆ ಆಯಾ ಪಕ್ಕದಲ್ಲೇ ಕೂತಿದೆ.

ಕೇಳುವುದು: “ಇವತ್ತು ಚಿಕ್ಕಪ್ಪ ಕರೆದುಕೊಂಡು ಹೋಗಲು ಬಂದಿದ್ದಾರೆ. ಕಾರ್ಡ್ ತಂದಿಲ್ಲ. ಮಗು ಅವರನ್ನು ಗುರುತಿಸಿ ನಕ್ಕರೂ ನಾವು ಕಳಿಸುವುದಿಲ್ಲ. ರಿಜಿಸ್ಟರಿನಲ್ಲಿರುವ ನಿಮ್ಮ ನಂಬರಿಗೆ ನಾವೇ ಫೋನ್ ಮಾಡುತ್ತೇವೆ. ನೀವು ಹೂಂ ಅಂದ ಮೇಲೆ, ಅವರ ಸಹಿ ತೆಗೆದುಕೊಂಡು ಕಳಿಸುತ್ತೇವೆ.”

ಇಲ್ಲಿ ‘ಸುರಕ್ಷತೆ’ ಎಂಬ ಪದ ಬಂದೇ ಇಲ್ಲ. ಚಿಕ್ಕಪ್ಪ ತಮ್ಮ ಫೋನಿನಿಂದ ಕರೆ ಮಾಡಿ ಕೊಟ್ಟರೂ ಶಾಲೆ ಅದನ್ನು ಒಪ್ಪುವುದಿಲ್ಲ ಎನ್ನುವುದು ‘ನಾವೇ’ ಎಂಬ ಒಂದು ಮಾತಿನಲ್ಲಿ ತಿಳಿಯುತ್ತದೆ. ಆದರೆ ನಿಮ್ಮ ಶಾಲೆಯಲ್ಲಿ ನಿಜವಾಗಿ ಹೀಗೆ ನಡೆಯುತ್ತಿದ್ದರೆ ಮಾತ್ರ ಬರೆಯಿರಿ. ನಡೆಯುತ್ತಿಲ್ಲವಾದರೆ ಮೊದಲು ಪದ್ಧತಿ ಶುರುಮಾಡಿ, ವಿಡಿಯೊ ಆಮೇಲೆ.

ಅಳುವ ಮಗುವಿನ ವಿಷಯವನ್ನು ಮುಚ್ಚಿಡಬೇಡಿ. ಹೊಸದಾಗಿ ಸೇರಿದ ಮಕ್ಕಳು ಅಳುತ್ತಾರೆ, ಅದು ಪೋಷಕರಿಗೂ ಗೊತ್ತು. ಎಲ್ಲರೂ ನಗುತ್ತಿರುವ ವಿಡಿಯೊ ನೋಡಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಅಳುವ ಮಗುವಿನ ಮುಖ ತೋರಿಸುವುದು ಮಾತ್ರ ತಪ್ಪು. ಖಾಲಿ ತರಗತಿಯ ಮೂಲೆ, ಚಾಪೆ, ಅಲ್ಲಿ ಕೂರುವ ಮಿಸ್ ಕಾಣಲಿ. ಅವರೇ ಹೇಳಲಿ: “ಮೊದಲ ವಾರ ಅಳು ಇರುತ್ತದೆ. ನಾನು ಇಲ್ಲೇ ಕೂರಿಸಿಕೊಂಡಿರುತ್ತೇನೆ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ನಿಮಗೆ ಫೋನ್ ಮಾಡುತ್ತೇನೆ.” ಆ ಅರ್ಧ ಗಂಟೆ ಬರೀ ಉದಾಹರಣೆ. ನಿಮ್ಮ ಶಾಲೆಯ ರೂಢಿ ಏನಿದೆಯೋ ಅದನ್ನೇ ಹೇಳಿ.

ತರಗತಿಯನ್ನು ತೋರಿಸುವಾಗ ಫೋನನ್ನು ನೆಲದಿಂದ ಎರಡೂವರೆ-ಮೂರು ಅಡಿ ಎತ್ತರದಲ್ಲಿ ಹಿಡಿಯಿರಿ. ಅದು ಮಗುವಿನ ಕಣ್ಣಿನ ಎತ್ತರ. ದೊಡ್ಡವರ ಎತ್ತರದಿಂದ ಕಾಣದ ಪ್ಲಗ್ ಪಾಯಿಂಟ್, ಮೇಜಿನ ಚೂಪು ಅಂಚು, ಬೆರಳು ಸಿಕ್ಕಿಕೊಳ್ಳುವ ಬಾಗಿಲ ಸಂದು ಎಲ್ಲ ಅಲ್ಲಿಂದ ಕಾಣುತ್ತವೆ. ಮೊದಲು ಒಂದು ಸಲ ಸುಮ್ನೆ ಹಾಗೇ ನಡೆದು ಚಿತ್ರೀಕರಿಸಿ ನೋಡಿ. ಏನು ಸರಿಮಾಡಬೇಕು ಎಂಬ ಪಟ್ಟಿ ನಿಮಗೇ ಸಿಗುತ್ತದೆ. ನಮ್ಮ ಊರುಗಳ ಕಟ್ಟಡಗಳಲ್ಲಿ ಸಂಪ್ ಇರುತ್ತದೆ. ಅದರ ಮುಚ್ಚಳಕ್ಕೆ ಬೀಗ ಹಾಕಿರುವುದನ್ನು ಐದು ಸೆಕೆಂಡ್ ಹತ್ತಿರದಿಂದ ತೋರಿಸಿ. ಫಿನಾಯಿಲ್ ಬಾಟಲಿ ಎತ್ತರದ ಕಪಾಟಿನಲ್ಲಿದೆ, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆ ಎಂಬುದನ್ನೂ ಹಾಗೇ ತೋರಿಸಿದರೆ ಸಾಕು, ಮಾತು ಬೇಡ.

ಎಷ್ಟು ಮಕ್ಕಳಿಗೆ ಎಷ್ಟು ಜನ ಎಂಬುದನ್ನು ಮಾತ್ರ ಅಂಕಿಯಲ್ಲೇ ಹೇಳಿ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಖಾಸಗಿ ಪ್ಲೇಸ್ಕೂಲಿನಲ್ಲಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಇರಬೇಕು ಎನ್ನುತ್ತದೆ. “ಈ ಕೋಣೆಯಲ್ಲಿ 18 ಮಕ್ಕಳು, ಇಬ್ಬರು ದೊಡ್ಡವರು” ಎಂದು ಹೇಳಿ, ಆ ಇಬ್ಬರನ್ನೂ ತೋರಿಸಿ. ಟಾಯ್ಲೆಟ್ ಭಾಗವನ್ನು ಮಕ್ಕಳಿಲ್ಲದ ಶನಿವಾರ ಮಧ್ಯಾಹ್ನ ಚಿತ್ರೀಕರಿಸಿ. ಮಗುವನ್ನು ಕರೆದೊಯ್ಯುವ ಆಯಾ ಅಲ್ಲೇ ನಿಂತು ತಾವೇ ಮಾತಾಡಲಿ. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ, ನಾವು ಹೊರಗೇ ನಿಂತಿರುತ್ತೇವೆ ಎಂದು ಅವರ ಬಾಯಿಂದ ಬಂದರೆ ನಂಬಿಕೆ ಹುಟ್ಟುತ್ತದೆ.

ಏನು ಕಾಣಬಾರದು ಎಂಬುದನ್ನೂ ಎಡಗಡೆ ಬರೆದಿಡಿ. ಮಕ್ಕಳ ಹೆಸರಿನ ಬ್ಯಾಡ್ಜ್, ಬ್ಯಾಗಿನ ಮೇಲಿನ ಹೆಸರು, ರಿಜಿಸ್ಟರಿನ ಪುಟ, ನಿಜವಾದ ಕರೆದೊಯ್ಯುವ ಕಾರ್ಡ್, ಗೇಟಿನ ನಂಬರ್ ಲಾಕ್, ಸಿಸಿಟಿವಿಗೆ ಯಾವ ಜಾಗ ಕಾಣುವುದಿಲ್ಲ ಎಂದು ತಿಳಿಯುವ ಪರದೆ. ಧೈರ್ಯ ತುಂಬಲು ಮಾಡಿದ ವಿಡಿಯೊ ಅಪರಿಚಿತರಿಗೆ ದಾರಿ ತೋರಿಸಬಾರದು. ಮಕ್ಕಳನ್ನು ಆದಷ್ಟು ಹಿಂದಿನಿಂದ, ಅಥವಾ ಕೈಗಳು ಮಾತ್ರ ಕಾಣುವಂತೆ ಚಿತ್ರೀಕರಿಸಿ. ಮುಖ ಬರುವುದಾದರೆ ಪೋಷಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತದೆ. ಅಡ್ಮಿಷನ್ ಫಾರಂನ ಕೊನೆಯ ಸಾಲಿನಲ್ಲಿ ಅದನ್ನು ಸೇರಿಸಿ ಮುಗಿಸಬೇಡಿ. ಪ್ರತ್ಯೇಕ ಹಾಳೆ ಕೊಡಿ, ಎಲ್ಲಿ ಹಾಕುತ್ತೀರಿ ಎಂದು ಬರೆಯಿರಿ, ಬೇಡ ಅನ್ನಲು ಅವಕಾಶ ಇರಲಿ.

ಧ್ವನಿ ಯಾರದ್ದು? ಬೆಳಿಗ್ಗೆ ಗೇಟಿನಲ್ಲಿ ಮಗುವಿನ ಕೈ ಹಿಡಿಯುವ ಮಿಸ್‌ದೇ ಇರಲಿ. ಫ್ಯಾನ್ ಆರಿಸಿ, ಪರದೆ ಎಳೆದ ಸಣ್ಣ ಕೋಣೆಯಲ್ಲಿ ಮಾತನ್ನು ಬೇರೆಯಾಗಿ ರೆಕಾರ್ಡ್ ಮಾಡಿ. ಕೆಳಗೆ ಕನ್ನಡದಲ್ಲಿ ಅಕ್ಷರಗಳು ಬರಲಿ, ಆಫೀಸಿನಲ್ಲಿ ಕೂತ ಅಪ್ಪ ಸದ್ದಿಲ್ಲದೆ ನೋಡುತ್ತಿರಬಹುದು.

ಮುಗಿದ ಮೇಲೆ ನಿಮ್ಮ ಶಾಲೆ ನೋಡಿಯೇ ಇರದ ಒಬ್ಬ ಅಮ್ಮನಿಗೆ ತೋರಿಸಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಮಗು ಅತ್ತರೆ ಏನು ಮಾಡ್ತಾರೆ? ನಿಮ್ಮ ತಮ್ಮ ಬಂದರೆ ಮಗುವನ್ನ ಕಳಿಸ್ತಾರಾ?’ ಎಂದು ಕೇಳಿ. ಅವರು ತಡವರಿಸಿದರೆ ಆ ದೃಶ್ಯ ಕೆಲಸ ಮಾಡಿಲ್ಲ, ಅದನ್ನಷ್ಟೇ ಮತ್ತೆ ಬರೆಯಿರಿ. ಪ್ರತಿ ದೃಶ್ಯವನ್ನೂ ಬೇರೆ ಬೇರೆ ತುಣುಕಾಗಿ ಉಳಿಸಿಡಿ. ಮುಂದಿನ ವರ್ಷ ಆಯಾ ಬದಲಾದರೆ, ಕಾರ್ಡಿನ ಪದ್ಧತಿ ಬದಲಾದರೆ ಹಳೆಯ ವಿಡಿಯೊ ಸುಳ್ಳಾಗುತ್ತದೆ. ಆಗ ಆ ತುಣುಕನ್ನು ಮಾತ್ರ ಹೊಸದಾಗಿ ತೆಗೆದು ಸೇರಿಸಬಹುದು.